ಐದು ವರ್ಷ ಮುಂದಿನ ನಿಮಗೆ ಪತ್ರ: ಇವತ್ತಿನ ಫೋಟೊಗೆ ಕ್ಯಾಪ್ಷನ್ ಬರೆಯುವ ಪೂರ್ತಿ ವಿಧಾನ

ಇವತ್ತಿನ ಫೋಟೊ ಹಾಕಿ, ಕೆಳಗೆ ಮುಂದಿನ ತನಗೇ ಪತ್ರ ಬರೆಯುವ ರೂಢಿ ಈಗ ಇನ್‌ಸ್ಟಾಗ್ರಾಂನಲ್ಲಿ ಚೆನ್ನಾಗಿ ಬೇರು ಬಿಟ್ಟಿದೆ. ಹುಟ್ಟುಹಬ್ಬ, ಡಿಗ್ರಿ ಮುಗಿದ ದಿನ, ಊರು ಬಿಟ್ಟ ದಿನ, ಎಲ್ಲಕ್ಕೂ ಒಂದೊಂದು ಪತ್ರ. ಆದರೆ ಹತ್ತು ಪತ್ರ ಓದಿದರೆ ಒಂಬತ್ತು ಒಂದೇ ತರಹ ಇರುತ್ತವೆ. ಹೆಸರು ಬದಲಿಸಿದರೆ ಯಾರ ಫೋಟೊ ಕೆಳಗಾದರೂ ಅಂಟಿಸಬಹುದು. ಅಂಥ ಪತ್ರ ಐದು ವರ್ಷದ ಮೇಲೆ ಕೈಗೆ ಸಿಕ್ಕರೆ ಬರೆದವರಿಗೇ ಅದರಲ್ಲಿ ಓದುವಂಥದ್ದು ಏನೂ ಇರುವುದಿಲ್ಲ.

ಹಾಗಾಗಿ ಇಲ್ಲಿ ಒಂದೇ ಒಂದು ಪತ್ರವನ್ನು ಮೊದಲಿಂದ ಕೊನೆಯವರೆಗೆ ಹಿಡಿದುಕೊಂಡು ಹೋಗುತ್ತೇನೆ. ಬರೆದವಳು ನಮ್ಮ ಚಿಗವ್ವನ ಮಗಳು. ಊರು ಹಾವೇರಿ ಜಿಲ್ಲೆಯ ಬಂಕಾಪುರದ ಹತ್ತಿರ. ಪಿಡಿಒ ಪರೀಕ್ಷೆಗೆ ಓದಲು ಧಾರವಾಡದ ಸಪ್ತಾಪುರದಲ್ಲಿ ಇನ್ನಿಬ್ಬರ ಜೊತೆ ರೂಮ್ ಮಾಡಿಕೊಂಡಿದ್ದಾಳೆ. ಸಪ್ತಾಪುರ ಗೊತ್ತಿದ್ದವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಕೋಚಿಂಗ್ ಸೆಂಟರು, ರೀಡಿಂಗ್ ರೂಮು, ಮೆಸ್ಸು, ಝೆರಾಕ್ಸ್ ಅಂಗಡಿ, ನಡುವೆ ಪುಸ್ತಕ ಎದೆಗವಚಿಕೊಂಡು ಓಡಾಡುವ ಉತ್ತರ ಕರ್ನಾಟಕದ ಎಲ್ಲ ಜಿಲ್ಲೆಯ ಹುಡುಗ ಹುಡುಗಿಯರು.

ಮೊದಲು ತಾರೀಖು ಗಟ್ಟಿ ಮಾಡಿ

"ಮುಂದೊಂದು ದಿನ ಓದುವ ನಿನಗೆ" ಅಂತ ಬರೆದರೆ ಆ ದಿನ ಬರುವುದೇ ಇಲ್ಲ. ಪತ್ರ ಯಾವತ್ತು ಒಡೆಯಬೇಕು ಅಂತ ದಿನ, ತಿಂಗಳು, ವರ್ಷ ಸಮೇತ ನಿರ್ಧಾರ ಮಾಡಿಕೊಳ್ಳಿ. ಒಂದು ವರ್ಷ ತೀರಾ ಹತ್ತಿರ. ಈಗಿನ ರೂಮು, ಈಗಿನ ಗೆಳತಿಯರು, ಈಗಿನ ಚಿಂತೆ ಎಲ್ಲ ಆಗಲೂ ಇರಬಹುದು, ಓದಿದರೆ ಸುಮ್ನೆ ಹಳೆ ಪೋಸ್ಟ್ ನೋಡಿದಂತಾಗುತ್ತದೆ. ಇಪ್ಪತ್ತು ವರ್ಷ ಅಂದರೆ ಆ ಆ್ಯಪೇ ಇರುತ್ತದೋ ಇಲ್ಲವೋ. ನನ್ನ ಲೆಕ್ಕದಲ್ಲಿ ಐದು ವರ್ಷ ಸರಿಯಾದ ದೂರ. ಆ ಹೊತ್ತಿಗೆ ಕೆಲಸ, ಮನೆ, ಊರು ಇವುಗಳಲ್ಲಿ ಒಂದಾದರೂ ಬದಲಾಗಿರುತ್ತದೆ, ಆದರೆ ಫೋಟೊದಲ್ಲಿರುವ ಮುಖ ಇನ್ನೂ ಪರಿಚಯ ಇರುತ್ತದೆ.

ನಮ್ಮ ಹುಡುಗಿ ಬರೆದದ್ದು 14 ಜೂನ್ 2025, ಶನಿವಾರ. ಒಡೆಯುವುದು 14 ಜೂನ್ 2030, ಶುಕ್ರವಾರ. ಫಲಿತಾಂಶದ ದಿನ, ಮದುವೆಯ ದಿನ ಅಂತ ಇಟ್ಟುಕೊಳ್ಳಬೇಡಿ. ಆ ದಿನ ಬಾರದೇ ಹೋದರೆ ಪತ್ರ ಅರ್ಧದಲ್ಲೇ ನಿಲ್ಲುತ್ತದೆ. ಕ್ಯಾಲೆಂಡರ್ ತಾರೀಖು ಯಾರ ಕೈಯಲ್ಲೂ ಇಲ್ಲ, ಬಂದೇ ಬರುತ್ತದೆ.

ಫೋಟೊ: ಹೋಗಿಬಿಡುವಂಥದ್ದು ಒಂದಾದರೂ ಇರಲಿ

ಇಲ್ಲಿ ಜನ ಹೆಚ್ಚಾಗಿ ಪ್ರಸಿದ್ಧ ಜಾಗ ಹುಡುಕುತ್ತಾರೆ. ಉಣಕಲ್ ಕೆರೆ ಮುಂದೆ ನಿಂತು, ನೃಪತುಂಗ ಬೆಟ್ಟ ಹತ್ತಿ, ಲಕ್ಕುಂಡಿಯ ಗುಡಿಯ ಕಂಬಕ್ಕೆ ಒರಗಿ. ಫೋಟೊ ಚೆನ್ನಾಗಿಯೇ ಬರುತ್ತದೆ. ಆದರೆ ಪತ್ರಕ್ಕೆ ಅದು ಜಾಸ್ತಿ ಕೆಲಸ ಮಾಡುವುದಿಲ್ಲ. ಹುಬ್ಬಳ್ಳಿಯ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದ 1,507 ಮೀಟರ್ ಉದ್ದದ ಪ್ಲಾಟ್‌ಫಾರಂ 2023ರಲ್ಲಿ ಉದ್ಘಾಟನೆ ಆಯಿತು. 2030ರಲ್ಲೂ ಅದು ಅಲ್ಲೇ, ಅಷ್ಟೇ ಉದ್ದ ಇರುತ್ತದೆ. ಅದರ ಫೋಟೊ ಸಾವಿರ ಜನರ ಹತ್ತಿರ ಇದೆ. ಆ ಪ್ಲಾಟ್‌ಫಾರಂ ಮೇಲೆ ನಿಮ್ಮ ಕಾಲ ಬಳಿ ಇರುವ, ಜಿಪ್ ಕಿತ್ತು ಹಗ್ಗ ಕಟ್ಟಿದ ಬ್ಯಾಗು ಇದೆಯಲ್ಲ, ಅದು ಮಾತ್ರ ನಿಮ್ಮದು. ಐದು ವರ್ಷದಲ್ಲಿ ಅದು ಎಲ್ಲಿ ಹೋಯಿತು ಅಂತ ನಿಮಗೇ ನೆನಪಿರುವುದಿಲ್ಲ.

ಹಾಗಾಗಿ ಫೋಟೊ ಆರಿಸುವಾಗ ಒಂದೇ ಪ್ರಶ್ನೆ: ಇದರಲ್ಲಿ ಇರುವ ಯಾವ ವಸ್ತು ಐದು ವರ್ಷದ ಹೊತ್ತಿಗೆ ನನ್ನ ಹತ್ತಿರ ಇರುವುದಿಲ್ಲ? ಬೆಟಗೇರಿಯ ನೇಕಾರರ ಮನೆಯಾದರೆ ಮಗ್ಗದ ಮೇಲೆ ಅರ್ಧ ಆದ ಸೀರೆ. ಬ್ಯಾಡಗಿ ಮಾರುಕಟ್ಟೆಯಲ್ಲಿ ಹಮಾಲಿ ಮಾಡುವವನಾದರೆ ಹೆಗಲ ಮೇಲಿನ ಕೆಂಪಾದ ಟವೆಲ್ಲು. ನಮ್ಮ ಹುಡುಗಿಯ ಫೋಟೊದಲ್ಲಿ ಓದುವ ಟೇಬಲ್, ಅದರ ಮೇಲೆ ಸ್ಟೀಲಿನ ರೊಟ್ಟಿ ಡಬ್ಬಿ, ಕುರ್ಚಿಯ ಬೆನ್ನಿಗೆ ಹಾಕಿದ ಹಸಿ ದುಪಟ್ಟಾ, ನಡುವೆ ಅವಳು. ನಗುತ್ತಿಲ್ಲ. ಡಬ್ಬಿಯ ಮುಚ್ಚಳ ತೆಗೆಯಲು ಚಮಚೆ ಸಿಗಿಸಿ ಮೀಟುತ್ತಿದ್ದಾಳೆ.

ತೆಗೆಯುವ ವಿಧಾನ ಸರಳ. ಟ್ಯೂಬ್‌ಲೈಟ್ ಆಫ್ ಮಾಡಿ, ಕಿಟಕಿ ಬೆಳಕು ಪಕ್ಕದಿಂದ ಬೀಳುವ ಹಾಗೆ ಕೂರಿಸಿ. ಸೆಲ್ಫಿ ಬೇಡ. ಸೆಲ್ಫಿಯಲ್ಲಿ ಮುಖವೇ ಇಡೀ ಜಾಗ ನುಂಗುತ್ತದೆ, ಸುತ್ತಲಿನ ಸಾಮಾನು ಬರುವುದಿಲ್ಲ. ರೂಮಿನವರ ಕೈಗೆ ಫೋನ್ ಕೊಟ್ಟು, ಎರಡು ಹೆಜ್ಜೆ ಹಿಂದೆ ಹೋಗಿ ತೆಗೆಯಲು ಹೇಳಿ. ಫೋನನ್ನು ನೆಟ್ಟಗೆ ಹಿಡಿದು, ಅಂಚಿನಲ್ಲಿ ಸ್ವಲ್ಪ ಜಾಗ ಬಿಡಲಿ. ಇನ್‌ಸ್ಟಾಗ್ರಾಂ ಫೋಟೊ ಕತ್ತರಿಸಿದರೂ ಡಬ್ಬಿ ಉಳಿಯಬೇಕಲ್ಲ. ಫಿಲ್ಟರ್ ಹಾಕಬೇಡಿ. ಗೋಡೆಯ ಬಣ್ಣ, ಕಣ್ಣ ಕೆಳಗಿನ ಕಪ್ಪು, ಎರಡೂ ಆವತ್ತಿನ ಸಾಕ್ಷಿ. ಹಾಡು ಸೇರಿಸುವುದೂ ಬೇಡ ಅಂತ ನನ್ನ ಅಭಿಪ್ರಾಯ. ಲೈಸೆನ್ಸ್ ತಕರಾರಿನಲ್ಲಿ ಹಳೆ ಪೋಸ್ಟಿನ ಹಾಡು ಮಾಯ ಆಗುವುದು ಹೊಸದೇನಲ್ಲ. ಆಮೇಲೆ "ಈ ಹಾಡಿನಂತೆ" ಅಂತ ಬರೆದ ಸಾಲು ಗಾಳಿಯಲ್ಲಿ ನೇತಾಡುತ್ತದೆ.

ಫೋಟೊ ತೆಗೆದ ಹತ್ತು ನಿಮಿಷದೊಳಗೆ ಟಿಪ್ಪಣಿ

ಪತ್ರ ರಾತ್ರಿ ಬರೆದರೂ ಪರವಾಗಿಲ್ಲ, ಟಿಪ್ಪಣಿ ಮಾತ್ರ ಆಗಿಂದಾಗಲೇ ಆಗಬೇಕು. ವಾಟ್ಸಾಪ್‌ನಲ್ಲಿ ನಿಮಗೆ ನೀವೇ ಮೆಸೇಜ್ ಹಾಕಿಕೊಂಡರೂ ಸಾಕು. ಬರೆಯಬೇಕಾದದ್ದು ಫೋಟೊದಲ್ಲಿ ಕಾಣದೇ ಇರುವುದು. ಕಾಣುವುದನ್ನು ಫೋಟೊವೇ ಹೇಳುತ್ತದೆ.

ಕಾಣದೇ ಇರುವುದು ಅಂದರೆ ಏನು? ಕ್ಯಾಮೆರಾ ಹಿಂದೆ ಯಾರಿದ್ದರು. ಇದಕ್ಕೆ ಐದು ನಿಮಿಷ ಮೊದಲು ಏನಾಯಿತು. ಆ ಹೊತ್ತಿಗೆ ಕಿವಿಗೆ ಬೀಳುತ್ತಿದ್ದ ಸದ್ದು, ಮೂಗಿಗೆ ಬರುತ್ತಿದ್ದ ವಾಸನೆ. ಯಾವುದಕ್ಕೆ ಎಷ್ಟು ರೂಪಾಯಿ ಕೊಟ್ಟಿರಿ. ಮತ್ತೆ, ಯಾವ ಸುದ್ದಿಗೆ ಕಾಯುತ್ತಿದ್ದೀರಿ. ಈ ಕೊನೆಯದು ಎಲ್ಲಕ್ಕಿಂತ ಮುಖ್ಯ. ಯಾಕಂದರೆ ಸುದ್ದಿ ಬಂದ ಮೇಲೆ, ಕಾಯುತ್ತಿದ್ದಾಗ ಹೇಗನಿಸಿತ್ತು ಅನ್ನುವುದು ನಮಗೆ ಸರಿಯಾಗಿ ನೆನಪಾಗುವುದಿಲ್ಲ. "ನನಗೆ ಮೊದಲೇ ಗೊತ್ತಿತ್ತು" ಅಂತ ಮನಸ್ಸು ಕಥೆ ಕಟ್ಟಿಬಿಡುತ್ತದೆ.

ಅವಳ ಟಿಪ್ಪಣಿ ಹೀಗಿತ್ತು: ತೆಗೆದದ್ದು ರೂಮಿನ ಗೆಳತಿ, ರೋಣ ಊರಿನಾಕಿ. ಜಿಟಿಜಿಟಿ ಮಳೆ, ನಾಲ್ಕು ದಿನದಿಂದ ಅರಿವಿ ಒಣಗಿಲ್ಲ. ಡಬ್ಬಿ ಮಂಗಳವಾರ ಬಸ್ಸಿನಲ್ಲಿ ಬಂತು, ಕಂಡಕ್ಟರ್ ಕೈಯಲ್ಲಿ. ಖಡಕ್ ರೊಟ್ಟಿ, ಶೇಂಗಾ ಹಿಂಡಿ. ಇವತ್ತು ಕೊನೆಯದು. ರೀಡಿಂಗ್ ರೂಮ್ 700, ಸೀಟ್ 41. ನೋಟಿಫಿಕೇಶನ್ ಯಾವಾಗ ಅಂತ ಯಾರಿಗೂ ಗೊತ್ತಿಲ್ಲ. ಚಿಗರಿ ಬಸ್ ಹೋದ ಸದ್ದು.

ಹುಬ್ಬಳ್ಳಿ ಧಾರವಾಡ ನಡುವೆ ಓಡುವ ಚಿಗರಿ ಬಸ್ಸಿನ ಆ ಸದ್ದನ್ನು ಅವಳು ಪತ್ರದಲ್ಲಿ ಬಳಸಲಿಲ್ಲ. ಟಿಪ್ಪಣಿ ಯಾವಾಗಲೂ ಪತ್ರಕ್ಕಿಂತ ಜಾಸ್ತಿ ಇರಲಿ, ಆರಿಸಲು ಬರುತ್ತದೆ.

ಮೊದಲ ಕರಡು ಎಲ್ಲಿ ಎಡವುತ್ತದೆ

ಅವಳು ಮೊದಲು ಬರೆದದ್ದು ಇದು:

> ಡಿಯರ್ ಫ್ಯೂಚರ್ ಮಿ, ಇವತ್ತು ತುಂಬಾ ಕಷ್ಟಪಡ್ತಾ ಇದೀನಿ. ಆದ್ರೆ ನೀನು ಗೆದ್ದಿರ್ತೀಯ ಅಂತ ಗೊತ್ತು. ಅಪ್ಪ ಅವ್ವನ ಹೆಮ್ಮೆ ಆಗಿರ್ತೀಯ. ಈ ದಿನಗಳನ್ನ ಯಾವತ್ತೂ ಮರೀಬೇಡ. ಕನಸು ಬಿಡಬೇಡ.

ಮೇಲ್ನೋಟಕ್ಕೆ ತಪ್ಪಿಲ್ಲ. ಲೈಕ್ಸೂ ಬರುತ್ತಿದ್ದವು. ಆದರೆ 2030ರಲ್ಲಿ ಓದುವವಳ ಜಾಗದಲ್ಲಿ ಕೂತು ನೋಡಿ.

ಒಂದು, ಇದು ಫಲಿತಾಂಶವನ್ನು ಮೊದಲೇ ಬರೆದುಬಿಟ್ಟಿದೆ. ಪರೀಕ್ಷೆ ಪಾಸಾಗಿದ್ದರೆ ಪತ್ರ ಬರೀ ಒಣ ಅಭಿನಂದನೆ. ಪಾಸಾಗದೆ, ಊರಿಗೆ ಹೋಗಿ ಬೇರೆ ಏನೋ ಒಳ್ಳೆಯ ಕೆಲಸ ಹಿಡಿದು ಆರಾಮಾಗಿದ್ದರೆ? ಆಗ ಅದೇ ಪತ್ರ ಕಪಾಳಕ್ಕೆ ಹೊಡೆದ ಹಾಗೆ. ತನ್ನ ಕೈಯಾರೆ ತಾನೇ ಬರೆದ ಏಟು.

ಎರಡು, ಪೂರ್ತಿ ಆಜ್ಞೆ. ಮರೀಬೇಡ, ಬಿಡಬೇಡ. ಮುಂದಿನ ನಾವೂ ಈಗಿನ ಹಾಗೆಯೇ ಇರುತ್ತೇವೆ, ಈಗ ಬೇಕಾದದ್ದೇ ಆಗಲೂ ಬೇಕಾಗಿರುತ್ತದೆ ಅಂತ ನಾವು ಅಂದುಕೊಳ್ಳುತ್ತೇವೆ. ಇದರ ಬಗ್ಗೆ ಜೋರ್ಡಿ ಕ್ವಾಡ್‌ಬಾಕ್, ಡೇನಿಯಲ್ ಗಿಲ್ಬರ್ಟ್, ಟಿಮೊಥಿ ವಿಲ್ಸನ್ ಅನ್ನುವ ಮನಶ್ಶಾಸ್ತ್ರಜ್ಞರು 2013ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬರೆದಿದ್ದರು. 19,000ಕ್ಕೂ ಹೆಚ್ಚು ಜನರನ್ನು ಕೇಳಿ ಅವರು ಕಂಡದ್ದು ಇಷ್ಟು: ಹಿಂದಿನ ಹತ್ತು ವರ್ಷದಲ್ಲಿ ತಾವು ಬಹಳ ಬದಲಾಗಿದ್ದೇವೆ ಅಂತ ಎಲ್ಲ ವಯಸ್ಸಿನವರೂ ಒಪ್ಪುತ್ತಾರೆ, ಮುಂದಿನ ಹತ್ತು ವರ್ಷದಲ್ಲಿ ಮಾತ್ರ ಅಷ್ಟು ಬದಲಾಗುವುದಿಲ್ಲ ಅಂದುಕೊಳ್ಳುತ್ತಾರೆ. ಪತ್ರದ ಆಜ್ಞೆಗಳೆಲ್ಲ ಈ ನಂಬಿಕೆಯಿಂದಲೇ ಹುಟ್ಟುತ್ತವೆ. ಐದು ವರ್ಷದ ಮೇಲಿನವಳಿಗೆ ಆ ಕನಸೇ ಬೇಡವಾಗಿರಬಹುದು. ಅದು ಸೋಲಲ್ಲ.

ಮೂರು, "ಈ ದಿನಗಳನ್ನ ಮರೀಬೇಡ" ಅಂದವಳು ಆ ದಿನಗಳಲ್ಲಿ ಏನಿತ್ತು ಅಂತ ಒಂದು ಅಕ್ಷರವೂ ಬರೆದಿಲ್ಲ. ನೆನಪಿಡು ಅಂದರೆ ಏನನ್ನು?

ಹಾಗಾಗಿ ಕರಡಿನ ಮೇಲೆ ಪೆನ್ನು ಹಿಡಿದು ಪ್ರತಿ ಸಾಲನ್ನೂ ನೋಡಿ. ಇದು ವರದಿಯೋ, ಪ್ರಶ್ನೆಯೋ, ಭವಿಷ್ಯವೋ, ಆಜ್ಞೆಯೋ? ವರದಿ ಮತ್ತು ಪ್ರಶ್ನೆ ಉಳಿಯಲಿ. ಉಳಿದೆರಡನ್ನು ಹೊಡೆದುಹಾಕಿ. ಒಂದು ಆಸೆ ಹೇಳಲೇಬೇಕು ಅನಿಸಿದರೆ "ಈಗ ನನಗೆ ಇದು ಬೇಕು" ಅಂತ ಬರೆಯಿರಿ. "ನೀನು ಇದಾಗಿರಬೇಕು" ಅಂತ ಬೇಡ.

ಯಾರು ಅಂತ ಕರೆಯುವುದು

ನಮ್ಮ ಮನೆಗಳಲ್ಲಿ ಹಳೆಯ ಇನ್‌ಲ್ಯಾಂಡ್ ಪತ್ರ ತೆಗೆದು ನೋಡಿ. ಮೇಲೆ ಊರು, ತಾರೀಖು. ಹಿರಿಯರಿಗಾದರೆ ತೀರ್ಥರೂಪ, ಕಿರಿಯರಿಗಾದರೆ ಚಿರಂಜೀವಿ. ಆಮೇಲೆ ಇತ್ತ ಎಲ್ಲರೂ ಕ್ಷೇಮ, ನಿಮ್ಮ ಕ್ಷೇಮ ತಿಳಿಸಿ. ಮುಂದಿನ ನಾವು ನಮಗಿಂತ ಹಿರಿಯರೋ ಕಿರಿಯರೋ? ಐದು ವರ್ಷ ಹಿರಿಯರು, ಅಲ್ವಾ. ಆದರೂ ಎಲ್ಲರೂ ಚಿಕ್ಕ ಮಗುವಿಗೆ ಬುದ್ಧಿ ಹೇಳುವ ಧಾಟಿಯಲ್ಲೇ ಬರೆಯುತ್ತಾರೆ.

ನಮ್ಮ ಹುಡುಗಿ ಎರಡನೇ ಕರಡಿನಲ್ಲಿ "ಅಕ್ಕಾ" ಅಂತ ಶುರು ಮಾಡಿದಳು. ಅಷ್ಟಕ್ಕೇ ಅರ್ಧ ಕೆಲಸ ಆಯಿತು. ಅಕ್ಕನಿಗೆ ಯಾರೂ ಆಜ್ಞೆ ಕೊಡುವುದಿಲ್ಲ. ಅಕ್ಕನ ಮುಂದೆ ಸುದ್ದಿ ಹೇಳುತ್ತೇವೆ, ಅಕ್ಕನನ್ನು ಕೇಳುತ್ತೇವೆ, ಸ್ವಲ್ಪ ಗೋಳೂ ಹೊಯ್ದುಕೊಳ್ಳುತ್ತೇವೆ. ಗಂಡುಮಕ್ಕಳು "ಅಣ್ಣಾ" ಅನ್ನಬಹುದು. ಅಕ್ಕ ಅಣ್ಣ ಬೇಡ ಅನಿಸಿದರೆ ಮನೆಯಲ್ಲಿ ಕರೆಯುವ ಅಡ್ಡಹೆಸರು ಬಳಸಿ.

ಭಾಷೆ ನಿಮ್ಮ ಬಾಯಲ್ಲಿ ಬರುವುದೇ ಇರಲಿ. ಬಂಕಾಪುರದ ಹುಡುಗಿ ರೂಮಿನಲ್ಲಿ "ಕಷ್ಟಪಡ್ತಾ ಇದೀನಿ" ಅನ್ನುವುದಿಲ್ಲ. ಬರೆದದ್ದನ್ನು ಜೋರಾಗಿ ಓದಿ. ರೂಮಿನವರು ನಕ್ಕರೆ ಆ ಸಾಲು ನಿಮ್ಮದಲ್ಲ.

ಮೊದಲ ಸಾಲು: ಜಾಗ ಬಹಳ ಕಡಿಮೆ

ಇನ್‌ಸ್ಟಾಗ್ರಾಂ ಕ್ಯಾಪ್ಷನ್‌ಗೆ ಒಟ್ಟು 2,200 ಕ್ಯಾರೆಕ್ಟರ್ ಮಿತಿ. ಅದರಲ್ಲಿ ಫೀಡ್‌ನಲ್ಲಿ ಕಾಣುವುದು ಸುಮಾರು ಮೊದಲ 125 ಮಾತ್ರ, ಆಮೇಲೆ more ಅಂತ ಬಂದು ನಿಲ್ಲುತ್ತದೆ. ಫೋನಿನ ಅಗಲ ನೋಡಿ ಸ್ವಲ್ಪ ಹೆಚ್ಚು ಕಡಿಮೆ ಆಗುತ್ತದೆ.

ಕನ್ನಡದಲ್ಲಿ ಬರೆಯುವವರಿಗೆ ಇಲ್ಲೊಂದು ಕಿರಿಕಿರಿ ಇದೆ. ಕಾಗುಣಿತದ ಗುರುತು, ಒತ್ತಕ್ಷರ ಎಲ್ಲವೂ ಬೇರೆ ಬೇರೆ ಎಣಿಕೆ. "ಹುಬ್ಬಳ್ಳಿ" ನಮ್ಮ ಕಣ್ಣಿಗೆ ಮೂರು ಅಕ್ಷರ. ಯೂನಿಕೋಡ್ ಲೆಕ್ಕದಲ್ಲಿ ಅದು ಒಂಬತ್ತು. ಹ, ಅದರ ಉಕಾರ, ಬ, ವಿರಾಮ, ಮತ್ತೆ ಬ, ಹೀಗೆ. ಹಾಗಾಗಿ 125 ಅಂದರೆ ಕನ್ನಡದಲ್ಲಿ ಹದಿನೈದು ಪದದ ಆಚೀಚೆ ಅಂತ ಇಟ್ಟುಕೊಳ್ಳಿ. ಇಡೀ ಪತ್ರ 200 ಪದ ದಾಟದಿದ್ದರೆ 2,200ರ ಮಿತಿಗೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ಆ ಹದಿನೈದು ಪದದಲ್ಲಿ ಊರು, ತಾರೀಖು, ಕರೆಯುವ ಹೆಸರು, ಫೋಟೊದಲ್ಲಿನ ಒಂದು ವಸ್ತು ಬರಬೇಕು. ಹೊಸ ಸಾಲಿಗೆ ಹೋಗಬೇಡಿ. ತಾರೀಖಿಗೇ ಒಂದು ಸಾಲು ಕೊಟ್ಟರೆ ಕಾಣುವ ಜಾಗ ಅಲ್ಲೇ ಖರ್ಚಾಗುತ್ತದೆ. ಅವಳ ಮೊದಲ ಸಾಲು ಇದು, ಜಾಗ ಎಲ್ಲ ಸೇರಿ 120ರ ಒಳಗೆ:

> ಧಾರವಾಡ, ಸಪ್ತಾಪುರ. 14 ಜೂನ್ 2025. ಅಕ್ಕಾ, ಮಂಗಳವಾರದ ರೊಟ್ಟಿ ಡಬ್ಬಿ ಇವತ್ತ ಖಾಲಿ ಆತು. ನೌಕ್ರಿ ಸುದ್ದಿ ಕೇಳಬ್ಯಾಡ, ಇನ್ನ ಗೊತ್ತಿಲ್ಲ.

ಪೋಸ್ಟಿನ ಮೇಲೆ ಆ್ಯಪ್ ತಾನೇ ತಾರೀಖು ತೋರಿಸುತ್ತದಲ್ಲ, ಮತ್ತೆ ಯಾಕೆ ಬರೆಯಬೇಕು? ಅದು ಪೋಸ್ಟ್ ಮಾಡಿದ ದಿನ, ಫೋಟೊ ತೆಗೆದ ದಿನ ಅಲ್ಲ. ಮತ್ತೆ, ನಾಳೆ ಇದರ ಸ್ಕ್ರೀನ್‌ಶಾಟ್ ಮಾತ್ರ ಉಳಿದರೆ ಆ ತಾರೀಖು ಬರುತ್ತದೆ ಅಂತ ಖಾತ್ರಿ ಇಲ್ಲ. ಪತ್ರದೊಳಗೆ ಬರೆದದ್ದು ಪತ್ರದ ಜೊತೆಗೇ ಇರುತ್ತದೆ.

ಪತ್ರದ ಮೈ

ಮೊದಲ ಸಾಲಿನ ನಂತರ ಅವಳ ಪತ್ರ ಹೀಗೆ ಮುಂದುವರಿಯಿತು:

> ಡಬ್ಬಿ ಅವ್ವನ ಲಗ್ನದ್ದು. ಮುಚ್ಚಳ ಭಾಳ ಬಿಗಿ, ಚಮಚೆ ಹಾಕಿ ಮೀಟಬೇಕು, ಅದ ಮಾಡಾಕತ್ತಿದ್ದೆ ಈ ಫೋಟೊದಾಗ. ತೆಗದಾಕಿ ರೋಣದಾಕಿ. ನಕ್ಕೋತ ತೆಗದಾಳ, ಅದಕ್ಕ ಸ್ವಲ್ಪ ಸೊಟ್ಟ ಬಂದೈತಿ.
>
> ಅವ್ವ ಡಬ್ಬಿ ಬಸ್ಸಿನಾಗ ಕಳಸ್ತಾಳ. ಕಂಡಕ್ಟರ್ ಅಣ್ಣಾಗ ಹೇಳಿರ್ತಾಳ, ನಾ ಬಸ್ ಸ್ಟ್ಯಾಂಡಿಗೆ ಹೋಗಿ ಇಸ್ಕೊಂಡ ಬರ್ತೀನಿ. ಖಾಲಿ ಡಬ್ಬಿನೂ ಹಂಗ ವಾಪಸ್ ಹೋಗತೈತಿ. ಖಾಲಿ ಕಳಸಬಾರದಂತ ಅವ್ವ ಹೇಳ್ಯಾಳ, ಅದಕ್ಕ ಒಂದ ಸಕ್ಕರಿ ಪಾಕೀಟ ಇಡ್ತೀನಿ.
>
> ನಾಕ ದಿನದಿಂದ ಮಳಿ ಬಿಟ್ಟಿಲ್ಲ, ಕುರ್ಚಿ ಮ್ಯಾಲೆ ಕಾಣೂದು ಹಸಿ ದುಪಟ್ಟಾ. ರೀಡಿಂಗ್ ರೂಮಿಗೆ ತಿಂಗಳಿಗೆ 700. ಸೀಟ್ 41, ಅದರ ಮ್ಯಾಲಿನ ಫ್ಯಾನ್ ಕಟಕಟ ಅಂತೈತಿ, ಈಗ ಆ ಸಪ್ಪಳ ಇಲ್ಲಂದ್ರ ಓದಾಕ ಆಗೂದಿಲ್ಲ.
>
> ಪಿಡಿಒ ಆಗಬೇಕಂತ ಈಗ ಮನಸ್ಸೈತಿ. ಆಗದಿದ್ರ ಏನಂತ ವಿಚಾರ ಮಾಡಿಲ್ಲ, ಮಾಡಾಕ ಅಂಜಿಕಿ. ನಿನಗದು ಗೊತ್ತಿರತೈತಿ.
>
> ಮೂರ ಕೇಳ್ತೀನಿ. ಡಬ್ಬಿ ಈಗ ಯಾರ ಮನ್ಯಾಗೈತಿ? ರೋಣದಾಕಿ ಕೂಡ ಮಾತಾಡ್ತೀಯೇನು? ಫ್ಯಾನ್ ಸಪ್ಪಳ ಇಲ್ದ ನಿದ್ದಿ ಬರತೈತೇನು? 14 ಜೂನ್ 2030ಕ್ಕ ಇದರ ಕೆಳಗ ಬರಿ.

ಇಲ್ಲಿ ಏನೇನು ನಡೆದಿದೆ ನೋಡಿ. "ಅವ್ವನ ಪ್ರೀತಿ" ಅಂತ ಎಲ್ಲೂ ಇಲ್ಲ. ಸಕ್ಕರೆ ಪಾಕೀಟು ಇದೆ. "ಕಷ್ಟ" ಅನ್ನುವ ಪದ ಇಲ್ಲ, ಅಂಜಿಕೆ ಅಂತ ಒಂದು ಸಲ ಬಂದಿದೆ, ಅದೂ ಪೂರ್ತಿ ಬಿಡಿಸಿ ಹೇಳದೆ. 700 ರೂಪಾಯಿ ಈಗ ನೀರಸ ಅನಿಸಬಹುದು. ಹಳೆಯ ಪತ್ರಗಳಲ್ಲಿ ನಾವು ಮೊದಲು ಬಾಯಿ ಬಿಡುವುದೇ ರೇಟು ನೋಡಿ.

ಪ್ರಶ್ನೆಗಳು ಹೇಗಿವೆ ಅಂತಲೂ ಗಮನಿಸಿ. ಪಾಸಾದಿಯಾ, ಮದುವೆ ಆಯಿತಾ, ಸಂಬಳ ಎಷ್ಟು, ಇವ್ಯಾವೂ ಇಲ್ಲ. ಆ ಪ್ರಶ್ನೆ ಕೇಳಲು ನೆಂಟರು ಇದ್ದೇ ಇರುತ್ತಾರೆ. ಕೇಳಿದ ಮೂರೂ ಸಣ್ಣವು. ಬದುಕು ಯಾವ ಕಡೆ ತಿರುಗಿದ್ದರೂ ಉತ್ತರ ಕೊಡಬಹುದು, ಉತ್ತರ ಕೊಡುವಾಗ ದೊಡ್ಡ ಸುದ್ದಿಯೂ ತಾನಾಗಿ ಬರುತ್ತದೆ. ಡಬ್ಬಿ ಯಾರ ಮನೆಯಲ್ಲಿದೆ ಅಂದರೆ ತಾನು ಈಗ ಯಾವ ಮನೆಯಲ್ಲಿದ್ದೇನೆ ಅಂತ ಹೇಳಲೇಬೇಕಲ್ಲ. ಮೂರಕ್ಕಿಂತ ಹೆಚ್ಚು ಕೇಳಬೇಡಿ, ಪತ್ರ ಹೋಗಿ ಅರ್ಜಿ ಫಾರ್ಮ್ ಆಗುತ್ತದೆ.

ಹೆಗಲ ಮೇಲಿಂದ ಓದುವವರು

ಪತ್ರ ನಿಮಗೇ ಆದರೂ ಓದುವವರು ಊರೆಲ್ಲ. "ಅಂಜಿಕಿ" ಅನ್ನುವ ಒಂದು ಪದ ನೋಡಿ ಸೋದರಮಾವ "ಯಾಕವಾ, ಏನಾತು? ಅಪ್ಪಾಗ ಫೋನ್ ಮಾಡ್ಲೇನು?" ಅಂತ ಕಾಮೆಂಟ್ ಹಾಕುತ್ತಾರೆ. ಅದಕ್ಕೆ ಪೋಸ್ಟ್ ಮಾಡುವ ಮೊದಲು ಮನೆಗೆ ಒಂದು ಫೋನ್ ಮಾಡಿ ಹೇಳಿಬಿಡುವುದು ಒಳ್ಳೆಯದು. ಹೇಳಲು ಆಗದ ಸಾಲು ಇದ್ದರೆ ಅದು ಪೋಸ್ಟಿಗೆ ಬೇಡ. ಡೈರಿಯಲ್ಲಿ ಬರೆದು, ಅದೇ ತಾರೀಖು ಹಾಕಿಡಿ. ಬೇರೆಯವರ ಸಾಲ, ಕಾಯಿಲೆ, ಪ್ರೀತಿ ನಿಮ್ಮ ಪತ್ರದಲ್ಲಿ ಬರಬಾರದು. ರೋಣದವಳನ್ನೂ ಕೇಳಿಯೇ ಸೇರಿಸಿದ್ದು, ಹೆಸರು ಬರೆದಿಲ್ಲ, ಟ್ಯಾಗ್ ಮಾಡಿಲ್ಲ.

ಇನ್ನು ಫೋಟೊವನ್ನು ದೊಡ್ಡದು ಮಾಡಿ ಮೂಲೆ ಮೂಲೆ ನೋಡಿ. ನಮ್ಮ ಕಡೆ ಸ್ಟೀಲ್ ಪಾತ್ರೆಯ ಮೇಲೆ ಹೆಸರು ಕೊರೆಸಿರುತ್ತಾರೆ. ಡಬ್ಬಿಯ ಮೇಲೆ ಅಜ್ಜನ ಪೂರ್ತಿ ಹೆಸರು, ಮನೆತನದ ಹೆಸರು ಸಮೇತ ಓದುವಂತಿತ್ತು. ಡಬ್ಬಿಯನ್ನು ಅರ್ಧ ತಿರುಗಿಸಿ ಮತ್ತೆ ತೆಗೆದರು. ಟೇಬಲ್ ಮೇಲೆ ಹಾಲ್ ಟಿಕೆಟ್ ಬಿದ್ದಿದ್ದರೆ ಎತ್ತಿಡಿ. ಅದರಲ್ಲಿ ನೋಂದಣಿ ಸಂಖ್ಯೆ, ಹುಟ್ಟಿದ ದಿನಾಂಕ ಎರಡೂ ಇರುತ್ತವೆ, ಎಷ್ಟೋ ಪರೀಕ್ಷೆಗಳ ವೆಬ್‌ಸೈಟಿನಲ್ಲಿ ಆ ಎರಡೇ ಸಾಕು, ಬೇರೆಯವರು ನಿಮ್ಮ ವಿವರ ತೆಗೆಯಬಹುದು. ಹೆಣ್ಣುಮಕ್ಕಳ ರೂಮಾದರೆ ಲೊಕೇಶನ್ ಟ್ಯಾಗ್ ಬೇಡ. ಸಪ್ತಾಪುರ ಅಂದರೆ ಸಾಕು, ಯಾವ ಕ್ರಾಸ್ ಅಂತ ಹೇಳಬೇಕಾಗಿಲ್ಲ. ಸೀಟ್ ನಂಬರ್ ಇದ್ದರೂ ಯಾವ ರೀಡಿಂಗ್ ರೂಮ್ ಅಂತ ಅವಳು ಬರೆದಿಲ್ಲ.

ಎಲ್ಲರೂ ನೋಡುವುದು ಬೇಡ ಅನಿಸಿದರೆ ಪೋಸ್ಟ್ ಮಾಡಿ, ಸ್ವಲ್ಪ ದಿನ ಬಿಟ್ಟು Archive ಮಾಡಿ. ಅಳಿಸಿಹೋಗುವುದಿಲ್ಲ, ಕಾಮೆಂಟೂ ಹಾಗೇ ಇರುತ್ತವೆ, ನಿಮಗೆ ಮಾತ್ರ ಕಾಣುತ್ತದೆ. ಬೇಕಾದಾಗ ಮತ್ತೆ ಹೊರಗೆ ತರಬಹುದು. ಸ್ಟೋರಿ ಅಥವಾ ವಾಟ್ಸಾಪ್ ಸ್ಟೇಟಸ್‌ನಲ್ಲಿ ಮಾತ್ರ ಹಾಕಬೇಡಿ, ಅದು 24 ಗಂಟೆಯ ಆಟ.

ಪತ್ರ ಮುಟ್ಟುವ ಹಾಗೆ ಮಾಡುವುದು

ಪೋಸ್ಟ್ ಮಾಡಿದರೆ ಪತ್ರ ಅಂಚೆ ಡಬ್ಬಿಗೆ ಬಿತ್ತು ಅಷ್ಟೇ. ಐದು ವರ್ಷದ ಮೇಲೆ ಅದನ್ನು ತಂದುಕೊಡುವವರು ಬೇಕು. ಫೇಸ್‌ಬುಕ್ ಹಳೆಯ ಪೋಸ್ಟನ್ನು ಅದೇ ತಾರೀಖಿಗೆ ಮೆಮೊರೀಸ್ ಅಂತ ಎದುರಿಗೆ ತರುತ್ತದೆ, ಆದರೆ ಆವತ್ತು ನೀವು ಅದನ್ನು ತೆರೆಯಬೇಕಲ್ಲ. ಇನ್‌ಸ್ಟಾಗ್ರಾಂನ ಹಳೆ ಪೋಸ್ಟು ಕೆಳಗೆ ಕೆಳಗೆ ಹೋಗಿ ಹೂತುಬಿಡುತ್ತದೆ.

ಜಿಮೇಲ್‌ನಲ್ಲಿ ನಿಮಗೆ ನೀವೇ ಮೇಲ್ ಬರೆದು, ಫೋಟೊ ಲಗತ್ತಿಸಿ, Send ಪಕ್ಕದ ಬಾಣದ ಗುರುತು ಒತ್ತಿ Schedule send ಆರಿಸಿ. ಫೋನಿನಲ್ಲಾದರೆ ಮೇಲಿನ ಮೂರು ಚುಕ್ಕಿಯೊಳಗೆ ಅದು ಸಿಗುತ್ತದೆ. ತಾರೀಖು ನೀವೇ ಆರಿಸುವ ಆಯ್ಕೆಗೆ ಹೋಗಿ 14 ಜೂನ್ 2030 ಕೊಡಿ. ಒಂದು ಎಚ್ಚರ: ಎರಡು ವರ್ಷ ಮುಟ್ಟದೇ ಬಿಟ್ಟ ಅಕೌಂಟನ್ನು ಗೂಗಲ್ ತೆಗೆದುಹಾಕಬಹುದು. ಪರೀಕ್ಷೆ ಅರ್ಜಿಗೆ ಅಂತ ಮಾಡಿ ಮರೆತ ಮೇಲ್ ಐಡಿಯಿಂದ ಇದನ್ನು ಮಾಡಬೇಡಿ, ದಿನಾ ಬಳಸುವುದರಿಂದ ಮಾಡಿ. ಮೇಲ್‌ನಲ್ಲಿ ಬರೀ ಲಿಂಕ್ ಹಾಕಿದರೆ ಸಾಲದು. ಅಕೌಂಟ್ ಹೋದರೆ ಲಿಂಕೂ ಹೋಯಿತು. ಪೂರ್ತಿ ಪತ್ರವನ್ನು ಕಾಪಿ ಮಾಡಿ ಅಂಟಿಸಿ.

ಮೂಲ ಫೋಟೊವನ್ನೂ ಬೇರೆ ಕಡೆ ಇಡಿ. ಇನ್‌ಸ್ಟಾಗ್ರಾಂನಿಂದ ಮರಳಿ ತೆಗೆದ ಫೋಟೊ ಚಿಕ್ಕದಾಗಿರುತ್ತದೆ, ಯಾವಾಗ ತೆಗೆದದ್ದು ಅನ್ನುವ ಒಳಗಿನ ವಿವರವೂ ಹೋಗಿರುತ್ತದೆ. ವಾಟ್ಸಾಪ್‌ನಲ್ಲಿ ಕಳಿಸುವುದಿದ್ದರೆ ಡಾಕ್ಯುಮೆಂಟ್ ಅಂತ ಕಳಿಸಿ, ಹಿಂಡಿ ಸಣ್ಣದು ಮಾಡುವುದಿಲ್ಲ. ಅವಳು ಸ್ಟುಡಿಯೋದಲ್ಲಿ ಒಂದು ಪ್ರಿಂಟೂ ಹಾಕಿಸಿ, ಪತ್ರವನ್ನು ಕಾಗದದ ಮೇಲೆ ಕೈಯಲ್ಲಿ ಬರೆದು, ಎರಡನ್ನೂ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಮಾರ್ಕ್ಸ್ ಕಾರ್ಡ್ ಫೈಲಿನೊಳಗೆ ಇಟ್ಟಿದ್ದಾಳೆ. ಬುದ್ಧಿವಂತೆ. ಆ ಫೈಲು ಮಾತ್ರ ಯಾರ ಮನೆಯಲ್ಲೂ ಕಳೆದುಹೋಗುವುದಿಲ್ಲ.

ತಾರೀಖು ಬಂದಾಗ

ಹಳೆಯ ಕ್ಯಾಪ್ಷನ್ ತಿದ್ದಬೇಡಿ. ಕಾಗುಣಿತ ತಪ್ಪು ಕಂಡರೂ, ನಾಚಿಕೆ ಆದರೂ. ಫೇಸ್‌ಬುಕ್‌ನಲ್ಲಿ ತಿದ್ದಿದ ಇತಿಹಾಸ ನೋಡಬಹುದು, ಇನ್‌ಸ್ಟಾಗ್ರಾಂನಲ್ಲಿ ಹಳೆಯ ಸಾಲು ಹೋದರೆ ಹೋಯಿತು. ಉತ್ತರವನ್ನು ಅದೇ ಪೋಸ್ಟಿನ ಕೆಳಗೆ ಕಾಮೆಂಟ್ ಆಗಿ ಬರೆಯಿರಿ. ಊರು, ತಾರೀಖು ಮತ್ತೆ ಮೊದಲಿಗೆ. ಆಮೇಲೆ ಕೇಳಿದ ಮೂರು ಪ್ರಶ್ನೆಗೆ ಮೂರು ಉತ್ತರ. "ತಂಗೀ" ಅಂತ ಶುರು ಮಾಡಿದರೆ ಸರಿಹೋಗುತ್ತದೆ.

ಆವತ್ತು ಹೊಸ ಫೋಟೊ ಪಕ್ಕಕ್ಕಿಟ್ಟು ಆಗ ಈಗ ಅಂತ ಹೋಲಿಸುವುದು ಬೇಕೇ? ನನಗೇನೋ ಬೇಡ ಅನಿಸುತ್ತದೆ. ಎರಡು ಮುಖ ಪಕ್ಕಪಕ್ಕ ಇಟ್ಟರೆ ಜನ ತೂಕ, ಬಣ್ಣ, ಕೂದಲು ನೋಡುತ್ತಾರೆ, ಪತ್ರ ಓದುವುದಿಲ್ಲ. ಹೊಸ ಫೋಟೊ ಹಾಕಲೇಬೇಕು ಅನಿಸಿದರೆ ಅದಕ್ಕೆ ಬೇರೆ ಪತ್ರ ಬರೆದು, 2035ರ ತಾರೀಖು ಹಾಕಿ. ಓದಿದ ಮೇಲೆ ಉತ್ತರ ಬರೆಯಲು ಮನಸ್ಸೇ ಬಾರದಿದ್ದರೂ ಅಡ್ಡಿಯಿಲ್ಲ, ಪೋಸ್ಟ್ ಮಾತ್ರ ಅಳಿಸಬೇಡಿ. ಸುಮ್ನೆ Archive ಮಾಡಿ, ಕ್ಯಾಲೆಂಡರ್‌ನಲ್ಲಿ ಮತ್ತೊಂದು ವರ್ಷ ಮುಂದಕ್ಕೆ ಹಾಕಿಡಿ.